ಬಾಲದ ತುದಿ ನೋಡಿ, ಆಮೇಲೆ ಹೆಸರಿಡಿ

ಊರಿನಲ್ಲಿ ತೆಗೆದ ಹಕ್ಕಿಫೋಟೊಗಳಲ್ಲಿ ಹೆಚ್ಚಾಗಿ ಹೆಸರು ತಪ್ಪುವುದು ದಿನಾ ಕಣ್ಣಿಗೆ ಬೀಳುವ ಪಾರಿವಾಳ ಮತ್ತು ಚೋರೆಗಳದ್ದೇ. ಕೆಂಪಗಿನ ಪಾರಿವಾಳ ಕಂಡರೆ ‘ಯಾವುದೋ ಅಪರೂಪದ ಚೋರೆ’ ಎನ್ನುತ್ತಾರೆ. ಕತ್ತಿನಲ್ಲಿ ಚುಕ್ಕೆ ಇಲ್ಲದ ಚೋರೆಮರಿಯನ್ನು ಪಾರಿವಾಳವೆನ್ನುತ್ತಾರೆ. ಎರಡೂ ಒಂದೇ ಕುಟುಂಬದ ಹಕ್ಕಿಗಳು, ಆದ್ದರಿಂದ ಗೊಂದಲ ಸಹಜ. ಆದರೆ ಫೋಟೊದಲ್ಲಿ ಯಾವ ಗುರುತನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬುದು ತಿಳಿದರೆ ಗೊಂದಲದ ಮುಕ್ಕಾಲು ಪಾಲು ಕಳೆಯುತ್ತದೆ. ಬಾಲ ಮತ್ತು ಕತ್ತಿನ ಮಚ್ಚೆ ಹಕ್ಕಿಯ ಜಾತಿಯನ್ನು ಹೇಳುತ್ತವೆ. ರೆಕ್ಕೆಯ ಪಟ್ಟೆ, ಮೈಬಣ್ಣ, ಜುಟ್ಟು, ಕಾಲಿನ ಪುಕ್ಕಗಳು ಪಾರಿವಾಳವೆಂಬ ಒಂದೇ ಜಾತಿಯೊಳಗಿನ ವೈವಿಧ್ಯವನ್ನಷ್ಟೇ ಹೇಳುತ್ತವೆ.

ಬಾಲದಿಂದ ಶುರುಮಾಡುವುದಕ್ಕೆ ಕಾರಣವಿದೆ. ನಮ್ಮ ಊರುಗಳ ನೀಲಿ-ಬೂದು ಪಾರಿವಾಳದ ಬಾಲ ಗಿಡ್ಡ, ಅದರ ತುದಿಗೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ. ಅಂಚಿನ ಗರಿಯ ಹೊರಬದಿಯಲ್ಲಿ ಮಾತ್ರ ಸಣ್ಣ ಬಿಳಿ ಗೆರೆ ಕಾಣಬಹುದು. ಚೋರೆಗಳಲ್ಲಿ ಇದು ತಿರುಗುಮುರುಗು: ಬಾಲದ ಅಂಚಿನ ಗರಿಗಳು ಬುಡದಲ್ಲಿ ಕಡುಬಣ್ಣ, ತುದಿಯಲ್ಲಿ ಬಿಳಿ. ಚೋರೆ ನೆಲದಿಂದ ಎದ್ದು ಬಾಲ ಬಿಚ್ಚಿದ ಕ್ಷಣದಲ್ಲಿ ಎರಡು ಮೂಲೆಗಳಲ್ಲೂ ಬಿಳಿ ಮಿಂಚುತ್ತದೆ. ಕೂತ ಹಕ್ಕಿಯಲ್ಲಿ ನಡುವಿನ ಗರಿಗಳು ಇವನ್ನೆಲ್ಲ ಮುಚ್ಚಿಬಿಡುತ್ತವೆ. ಹಾಗಾಗಿ ಕೂತ ಭಂಗಿಯ ಒಂದು ಚೆಂದದ ಚಿತ್ರಕ್ಕಿಂತ, ಹಾರುವಾಗಲೋ ಇಳಿಯುವಾಗಲೋ ಸಾವಿರದ ಒಂದು ಸೆಕೆಂಡಿನಷ್ಟು ವೇಗದಲ್ಲಿ ಸರಣಿಯಾಗಿ ಕ್ಲಿಕ್ಕಿಸಿದ ನಾಲ್ಕೈದು ಒರಟು ಚಿತ್ರಗಳು ಗುರುತಿಸುವವರಿಗೆ ಹೆಚ್ಚು ಉಪಕಾರಿ. ತಂತಿಯ ಮೇಲೆ ಕೂತ ಹಕ್ಕಿಯನ್ನು ಕೆಳಗಿನಿಂದ ತೆಗೆದರೂ ಆದೀತು, ಬಾಲದ ಅಡಿ ಕಾಣಬೇಕು ಅಷ್ಟೆ.

ಚೋರೆ ಎಂದು ಖಾತ್ರಿಯಾದ ಮೇಲೆ ಕತ್ತಿಗೆ ಬನ್ನಿ. ಕರ್ನಾಟಕದ ಮನೆಯಂಗಳ, ತೋಟ, ಪಾರ್ಕುಗಳಲ್ಲಿ ಹೆಚ್ಚು ಕಾಣುವ ಚುಕ್ಕೆ ಚೋರೆಯ ಹಿಂಗತ್ತಿನಲ್ಲಿ ಅಗಲವಾದ ಕಪ್ಪು ಮಚ್ಚೆಯಿದ್ದು, ಅದರ ತುಂಬ ಬಿಳಿ ಚುಕ್ಕೆಗಳಿರುತ್ತವೆ. ಬೆನ್ನು ಮತ್ತು ರೆಕ್ಕೆಯ ಮೇಲೂ ತಿಳಿಗಂದು ಚುಕ್ಕೆಗಳು, ಬಾಲ ಉದ್ದ. ಇದಕ್ಕಿಂತ ತುಸು ಸಣ್ಣದಾದ, ಒಣ ಪ್ರದೇಶಗಳನ್ನು ಇಷ್ಟಪಡುವ ಕಂದು ಚೋರೆಗೆ ಹಿಂಗತ್ತಿನಲ್ಲಿ ಏನೂ ಇಲ್ಲ. ಅದರ ಗುರುತು ಮುಂದೆ, ಎದೆಯ ಮೇಲ್ಭಾಗದಲ್ಲಿದೆ: ತಾಮ್ರ ಮತ್ತು ಕಪ್ಪು ಬಣ್ಣದ ಸಣ್ಣ ಚುಕ್ಕೆಗಳ ಪಟ್ಟಿ. ಬೆನ್ನು ಚುಕ್ಕೆಯಿಲ್ಲದ ಕಂದು, ರೆಕ್ಕೆಯ ಅಂಚಿನಲ್ಲಿ ನೀಲಿ-ಬೂದು. ಬಯಲುಸೀಮೆಯ ಹೊಲ, ಜಾಲಿಗಿಡ, ಕರೆಂಟು ತಂತಿಗಳ ಮೇಲೆ ಕಾಣುವ ಮರಳುಬಣ್ಣದ ಪಟ್ಟಿಗತ್ತಿನ ಚೋರೆಗೆ ಹಿಂಗತ್ತಿನಲ್ಲಿ ಒಂದೇ ಒಂದು ಕಪ್ಪು ಗೆರೆ, ಅದಕ್ಕೆ ಸಣ್ಣ ಬಿಳಿ ಅಂಚು. ಇದೇ ಗೆರೆ ಕೆಂಪು ಚೋರೆಗೂ ಇದೆ. ಅದರ ಗಂಡು ಬೂದುತಲೆಯ, ಇಟ್ಟಿಗೆಗೆಂಪು ಮೈಯ ಹಕ್ಕಿಯಾದ್ದರಿಂದ ಸುಲಭ. ಹೆಣ್ಣು ಮಾತ್ರ ಮಾಸಲು ಕಂದು, ಪಟ್ಟಿಗತ್ತಿನದ್ದೇ ಎನಿಸುತ್ತದೆ. ಒಂದು 32 ಸೆಂಟಿಮೀಟರ್, ಇನ್ನೊಂದು 23ರ ಆಸುಪಾಸು. ಆದರೆ ಫೋಟೊದಲ್ಲಿ ಅಳತೆ ಸಿಗುವುದಿಲ್ಲ. ಅಲ್ಲಿ ಮಡಿಚಿದ ರೆಕ್ಕೆಯ ತುದಿಯಿಂದ ಬಾಲ ಎಷ್ಟು ಹೊರಚಾಚಿದೆ ಎಂದು ನೋಡಬೇಕು: ಪಟ್ಟಿಗತ್ತಿನ ಚೋರೆಯ ಬಾಲ ಚೆನ್ನಾಗಿ ಹೊರಗೆ ಬಂದಿರುತ್ತದೆ, ಕೆಂಪು ಚೋರೆಯದ್ದು ಮೊಟಕು.

ಕತ್ತಿನ ಮಚ್ಚೆಗೂ ಒಂದು ಮಿತಿಯಿದೆ. ಗೂಡು ಬಿಟ್ಟ ಹೊಸ ಮರಿಗಳಿಗೆ ಅದು ಇರುವುದಿಲ್ಲ, ಅಥವಾ ಮಸುಕಾಗಿರುತ್ತದೆ. ಚುಕ್ಕೆ ಚೋರೆಯ ಮರಿ ಬೋಳುಗತ್ತಿನ, ಮಂಕು ಕಂದಿನ ಹಕ್ಕಿ. ‘ಇದು ಯಾವ ಹೊಸ ಜಾತಿ’ ಎಂದು ಕೇಳುತ್ತ ಬರುವ ಫೋಟೊಗಳಲ್ಲಿ ಬಹಳಷ್ಟು ಇದರದ್ದೇ ಎಂಬುದು ನನ್ನ ಅನುಭವ. ಇಲ್ಲಿ ಮತ್ತೆ ಬಾಲವೇ ಕೈಹಿಡಿಯುತ್ತದೆ, ಬಿಳಿ ತುದಿ ಮರಿಗೂ ಇದೆ. ಜೊತೆಗೆ ಕೊಕ್ಕಿನ ಬುಡ ನೋಡಿ. ಬೆಳೆದ ಪಾರಿವಾಳದ ಮೂಗಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿಯ ಉಬ್ಬು ಎದ್ದು ಕಾಣುತ್ತದೆ, ಚೋರೆಗೆ ಅಂಥ ಉಬ್ಬಿಲ್ಲ.

ಪಾರಿವಾಳದ ಕತ್ತಿಗೆ ಮಚ್ಚೆಯೇ ಇಲ್ಲ. ಅಲ್ಲಿ ಮಿರುಗುವ ಹಸಿರು, ನೇರಳೆ ಬಣ್ಣಗಳು ಗರಿಯೊಳಗಿನ ವರ್ಣದ್ರವ್ಯದ್ದಲ್ಲ. ಗರಿಯ ಸೂಕ್ಷ್ಮ ಎಳೆಗಳ ತೆಳುಪದರದಲ್ಲಿ ಬೆಳಕು ಪ್ರತಿಫಲಿಸಿ ಹುಟ್ಟುವ ಬಣ್ಣ ಅದು. ನೋಡುವ ಕೋನ ಬದಲಾದರೆ ಹಸಿರಿದ್ದ ಜಾಗ ನೇರಳೆಯಾಗುತ್ತದೆ, ನೆರಳಿನಲ್ಲಿ ಎರಡೂ ಮಾಯವಾಗಿ ಕತ್ತು ಕಪ್ಪಗೆ ಕಾಣುತ್ತದೆ. ಒಂದೇ ಹಕ್ಕಿಯ ಎರಡು ಫೋಟೊಗಳನ್ನು ಎರಡು ಹಕ್ಕಿಗಳೆಂದು ವಾದಿಸುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ.

ಇನ್ನು ರೆಕ್ಕೆ. ಕೋಟೆಗೋಡೆ, ಹಳೆಯ ಬಾವಿ, ಬಂಡೆಗಳ ಸಂದಿಯಲ್ಲಿ ಗೂಡುಕಟ್ಟುವ ಮೂಲ ಪಾರಿವಾಳದ ಬೂದು ರೆಕ್ಕೆಗೆ ಎರಡು ಕಪ್ಪು ಪಟ್ಟೆಗಳು. ಊರಿನ ಹಿಂಡಿನಲ್ಲಿ ಇಂಥವು ಇದ್ದೇ ಇರುತ್ತವೆ. ಪಕ್ಕದಲ್ಲೇ ರೆಕ್ಕೆಯ ತುಂಬ ಚೌಕುಳಿ ಹೊದ್ದ ಹಕ್ಕಿ ನಿಂತಿರುತ್ತದೆ. ಇನ್ನೊಂದರ ಚೌಕುಳಿ ಎಷ್ಟು ದಟ್ಟವೆಂದರೆ ರೆಕ್ಕೆಯೇ ಕಪ್ಪೆನಿಸುತ್ತದೆ. ಪಟ್ಟೆಯೇ ಇಲ್ಲದ ಬೋಳು ರೆಕ್ಕೆಯದೂ ಅಪರೂಪಕ್ಕೆ ಸಿಕ್ಕೀತು. ಇವೆಲ್ಲ ಬೇರೆ ಜಾತಿಗಳಲ್ಲ, ಒಂದೇ ಜೀನ್‌ನ ಬೇರೆ ಬೇರೆ ರೂಪಗಳು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮೈಕೆಲ್ ಶಪಿರೋ ಅವರ ತಂಡ 2018ರಲ್ಲಿ ಆ ಜೀನನ್ನು ಗುರುತಿಸಿತು. ಚೌಕುಳಿಯ ರೂಪ ಬಂದದ್ದು ಆಫ್ರಿಕದ ಚುಕ್ಕೆ ಪಾರಿವಾಳವೆಂಬ ಬೇರೊಂದು ಜಾತಿಯಿಂದ, ಹಿಂದೆಂದೋ ನಡೆದ ಮಿಶ್ರಣದಿಂದ ಎಂಬುದೂ ಅದೇ ಅಧ್ಯಯನದಲ್ಲಿ ಹೊರಬಿತ್ತು. ನಮ್ಮ ಕಿಟಕಿಯ ಸಜ್ಜೆಯ ಮೇಲೆ ಗುಟುರು ಹಾಕುವ ಚೌಕುಳಿ ಪಾರಿವಾಳದ ರೆಕ್ಕೆಯಲ್ಲಿ ಆಫ್ರಿಕದ ಹಕ್ಕಿಯೊಂದರ ಗುರುತು ಉಳಿದಿದೆಯೆಂಬುದು ನನಗೆ ಇವತ್ತಿಗೂ ಅಚ್ಚರಿ.

ಒಂದು ಫೋಟೊವನ್ನು ಕೊನೆಯತನಕ ಓದೋಣ. ಕಾಳು ಹಾಕುವ ಕಟ್ಟೆಯ ಮೇಲೆ ಬೂದು ಪಾರಿವಾಳಗಳ ನಡುವೆ ಒಂದು ಕೆಂಪು-ಕಂದು ಹಕ್ಕಿ. ರೆಕ್ಕೆಯಲ್ಲಿ ಎರಡು ಕೆಂಪು ಪಟ್ಟೆ, ಬಾಲ ಪೂರ್ತಿ ತಿಳಿ, ತುದಿಯಲ್ಲಿ ಕಪ್ಪಿಲ್ಲ. ಬಣ್ಣ ನೋಡಿದರೆ ಕೆಂಪು ಚೋರೆ ಎನ್ನಬೇಕೆನಿಸುತ್ತದೆ. ಬಾಲವೂ ‘ಬಿಳಿ ತುದಿ’ ಎಂದು ದಾರಿತಪ್ಪಿಸಬಹುದು. ಆದರೆ ಚೋರೆಯ ಬಾಲದ ಬಿಳಿಗೆ ಕಡುಬಣ್ಣದ ಬುಡ ಇರಬೇಕು, ಈ ಬಾಲ ಬುಡದಿಂದ ತುದಿಯವರೆಗೆ ಒಂದೇ ಸಮನೆ ತಿಳಿ. ಹಿಂಗತ್ತಿನಲ್ಲಿ ಕಪ್ಪು ಗೆರೆಯಿಲ್ಲ. ರೆಕ್ಕೆಯಲ್ಲಿ ಪಟ್ಟೆಗಳಿವೆ, ನಮ್ಮ ಚೋರೆಗಳಲ್ಲಿ ಯಾವುದಕ್ಕೂ ಅಂಥ ಜೋಡಿಪಟ್ಟೆ ಇಲ್ಲ. ಕೊಕ್ಕಿನ ಬುಡದಲ್ಲಿ ಬಿಳಿ ಉಬ್ಬು. ಪಕ್ಕದ ಬೂದು ಪಾರಿವಾಳದಷ್ಟೇ ಗಾತ್ರ. ಇದು ಕೆಂಪು ಬಣ್ಣದ ಪಾರಿವಾಳ. ಈ ಬಣ್ಣದ ಜೀನ್ ಲಿಂಗ ನಿರ್ಧರಿಸುವ ಕ್ರೋಮೊಸೋಮಿನ ಮೇಲಿದೆ. ಗಂಡಿಗೆ ಅಂಥವು ಎರಡು, ಹೆಣ್ಣಿಗೆ ಒಂದೇ. ಆದ್ದರಿಂದ ಹೆಣ್ಣು ಕೆಂಪಾಗಿರುತ್ತದೆ ಇಲ್ಲವೇ ನೀಲಿಯಾಗಿರುತ್ತದೆ, ಎರಡನ್ನೂ ಹೊರಲಾರದು. ಗಂಡು ಒಂದು ಕೆಂಪು, ಒಂದು ನೀಲಿ ಹೊತ್ತಿದ್ದರೆ ಮೇಲ್ನೋಟಕ್ಕೆ ಕೆಂಪಾದರೂ ಗರಿಗಳಲ್ಲಿ ಅಲ್ಲಲ್ಲಿ ಕಪ್ಪು ಸಿಡಿತಗಳು ಕಾಣುತ್ತವೆ. ನಮ್ಮ ಫೋಟೊದ ಹಕ್ಕಿಯ ರೆಕ್ಕೆಗರಿಗಳಲ್ಲಿ ಅಂಥ ಸಿಡಿತಗಳಿವೆ, ಅಂದರೆ ಅದು ಗಂಡೆಂದು ಹೇಳಬಹುದು. ಸಿಡಿತವಿಲ್ಲದ ಕೆಂಪು ಹಕ್ಕಿ ಹೆಣ್ಣೋ ಗಂಡೋ ಎಂದು ಬಣ್ಣದಿಂದ ಹೇಳಲಾಗದು.

ಈ ಕೆಂಪು, ಕಪ್ಪು, ಬಿಳಿಗಳೆಲ್ಲ ಊರಿನ ಹಿಂಡಿಗೆ ಬಂದದ್ದು ಸಾಕಿದ ಹಕ್ಕಿಗಳಿಂದ. ಸಾಕಣೆಯ ತಳಿಗಳಲ್ಲಿ ಫೋಟೊಕ್ಕೆ ಹೆಚ್ಚು ಸಿಗುವುದು ಲಕ್ಕಾ. ಸಾಮಾನ್ಯ ಪಾರಿವಾಳದ ಬಾಲದಲ್ಲಿ 12 ಗರಿಗಳಿದ್ದರೆ ಲಕ್ಕಾದಲ್ಲಿ 30, 40 ಇರಬಹುದು. ಆ ಬಾಲ ಸದಾ ನೆಟ್ಟಗೆ ನಿಂತಿರುತ್ತದೆ, ಎದೆ ಮುಂದಕ್ಕೆ ಉಬ್ಬಿ ತಲೆ ಹಿಂದಕ್ಕೆ ಬಾಗಿರುತ್ತದೆ. ಹೆಣ್ಣನ್ನು ಒಲಿಸುವ ಮಾಮೂಲಿ ಗಂಡೂ ಬಾಲ ಬಿಚ್ಚಿ ನೆಲಕ್ಕೆ ಎಳೆಯುತ್ತದೆ. ಅದನ್ನು ಲಕ್ಕಾ ಎನ್ನುವ ಮುನ್ನ ಗರಿಗಳನ್ನು ಎಣಿಸಿ, ಬಾಲದ ದಿಕ್ಕು ನೋಡಿ. ಜಾಕೋಬಿನ್ ತಳಿಯಲ್ಲಿ ಕತ್ತಿನ ಗರಿಗಳು ಹಿಮ್ಮುಖವಾಗಿ ಬೆಳೆದು ತಲೆಗೆ ಮುಸುಕಾಗುತ್ತವೆ. ಹಿಂದಲೆಯಲ್ಲಿ ಸಣ್ಣ ಜುಟ್ಟಿರುವ ತಳಿಗಳೂ ಇವೆ. ಜುಟ್ಟಿನ ಜೀನನ್ನೂ ಶಪಿರೋ ತಂಡವೇ 2013ರಲ್ಲಿ ಪಾರಿವಾಳದ ಜೀನೋಮಿನ ಜೊತೆ ಪ್ರಕಟಿಸಿತು. ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಜುಟ್ಟು ಮೂಡುತ್ತದೆ. ಹಾಗಾಗಿ ಜುಟ್ಟಿಲ್ಲದ ಜೋಡಿಗೂ ಒಮ್ಮೊಮ್ಮೆ ಜುಟ್ಟಿನ ಮರಿ ಹುಟ್ಟಬಹುದು. ಬೀದಿಯ ಹಿಂಡಿನ ಫೋಟೊದಲ್ಲಿ ಜುಟ್ಟೋ, ಕಾಲ್ಬೆರಳುಗಳ ಮೇಲೆ ಗರಿಯೋ ಕಂಡರೆ ಅದರ ಪೂರ್ವಜರು ಯಾರದೋ ಗೂಡಿನಲ್ಲಿದ್ದವರು. ಕಾಲಿಗೆ ಉಂಗುರವಿದ್ದರೆ ಅದು ಪಂದ್ಯದ ಹೋಮರ್ ಇರಬಹುದು.

ಈ ವೈವಿಧ್ಯವೆಲ್ಲ ಒಂದೇ ಬಂಡೆ ಪಾರಿವಾಳದಿಂದ ಬಂದದ್ದೆಂದು ವಾದಿಸಿದವರು ಚಾರ್ಲ್ಸ್ ಡಾರ್ವಿನ್. 1859ರ ಅವರ ಗ್ರಂಥದ ಮೊದಲ ಅಧ್ಯಾಯದಲ್ಲೇ ಪಾರಿವಾಳ ಬರುತ್ತದೆ. ಭಾರತದಿಂದ ಪಾರಿವಾಳದ ಚರ್ಮಗಳನ್ನು ಕಳಿಸಿದ್ದಕ್ಕೆ ಅವರು ಅಲ್ಲಿ ನೆನೆಯುವ ಡಬ್ಲ್ಯು. ಎಲಿಯಟ್, 1824ರ ಕಿತ್ತೂರು ದಂಗೆಯಲ್ಲಿ ಚೆನ್ನಮ್ಮನ ಸೆರೆಯಲ್ಲಿದ್ದ, ಆಮೇಲೆ ಕನ್ನಡ ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದ ವಾಲ್ಟರ್ ಎಲಿಯಟ್ಟರೇ. ಡಾರ್ವಿನ್ ಬಿಳಿ ಲಕ್ಕಾವನ್ನು ಕಪ್ಪು ಬಾರ್ಬ್ ತಳಿಯೊಂದಿಗೆ ಕೂಡಿಸಿದರು. ಬಾರ್ಬನ್ನು ಕೆಂಪು ಬಾಲದ ಬಿಳಿ ‘ಸ್ಪಾಟ್’ ತಳಿಯೊಂದಿಗೂ ಕೂಡಿಸಿದರು. ಆ ಎರಡು ಮಿಶ್ರಣಗಳನ್ನು ಮತ್ತೆ ಬೆರೆಸಿದಾಗ ಹುಟ್ಟಿದ ಹಕ್ಕಿ ನೀಲಿ ಮೈಯ, ಜೋಡಿ ಕಪ್ಪು ಪಟ್ಟೆಯ, ಬಾಲದಲ್ಲಿ ಅಡ್ಡಪಟ್ಟಿಯ ಹಕ್ಕಿ. ಮೂರು ತಳಿಗಳಲ್ಲಿ ಯಾವುದೂ ನೀಲಿಯಲ್ಲ, ಆದರೂ ಮೂಲದ ಗುರುತು ಮರಳಿತ್ತು.

ಅವರ ಆ ಹಕ್ಕಿಗೆ ಸೊಂಟದ ಮೇಲ್ಭಾಗ ಬಿಳಿಯಾಗಿತ್ತು. ಯುರೋಪಿನ ಬಂಡೆ ಪಾರಿವಾಳದ ಲಕ್ಷಣ ಅದು. ನಮ್ಮ ಭಾರತೀಯ ಉಪಜಾತಿಯಲ್ಲಿ ಆ ಜಾಗ ಬೂದು-ನೀಲಿ ಎಂಬುದನ್ನು ಡಾರ್ವಿನ್ನರೂ ಬರೆದಿದ್ದಾರೆ. ಬಾಲದ ಬುಡದ ಸ್ವಲ್ಪ ಮೇಲೆ, ರೆಕ್ಕೆ ಬಿಚ್ಚಿದಾಗ ಮಾತ್ರ ಕಾಣುವ ಜಾಗ ಅದು. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಹಾರುವ ಹಿಂಡಿನ ಫೋಟೊ ತೆಗೆದು ಅಲ್ಲಿ ಬಿಳಿ ಕಂಡರೆ, ಉಳಿದೆಲ್ಲ ಗುರುತು ಕಾಡಿನ ಪಾರಿವಾಳದಂತಿದ್ದರೂ ಅದರ ವಂಶದಲ್ಲಿ ಸಾಕಿದ ಹಕ್ಕಿ ಬೆರೆತಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿ ಬೂದು ಇದ್ದಮಾತ್ರಕ್ಕೆ ಅಪ್ಪಟ ಕಾಡಿನದೆಂದು ಹೇಳಲಾಗದು. ಅದನ್ನು ಯಾವ ಫೋಟೊವೂ ಸಾಬೀತು ಮಾಡದು.