ಶಾಟ್‌ಪುಟ್ ಕಲಿಕೆ: ಎರಡು ಕೈಯ ತಳ್ಳುವಿಕೆಯಿಂದ ಗ್ಲೈಡ್‌ವರೆಗೆ ಹಂತ ಹಂತವಾಗಿ ಹೋಗುವುದು ಹೇಗೆ?

ಪುಣೆ: 2024ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಪುರುಷರ ಎಫ್46 ಶಾಟ್‌ಪುಟ್ ಫೈನಲ್‌ನಲ್ಲಿ ಭಾರತದ ಸಚಿನ್ ಖಿಲಾರಿ 16.32 ಮೀಟರ್ ದೂರ ಗುಂಡು ಎಸೆದು ಬೆಳ್ಳಿ ಗೆದ್ದರು. ಚಿನ್ನ ಗೆದ್ದ ಕೆನಡಾದ ಗ್ರೆಗ್ ಸ್ಟೀವರ್ಟ್ ಎಸೆದದ್ದು 16.38 ಮೀಟರ್. ಇಬ್ಬರ ನಡುವೆ ಇದ್ದದ್ದು ಬರೀ 6 ಸೆಂಟಿಮೀಟರ್. ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಸಚಿನ್, ಮೊದಲು ಜಾವೆಲಿನ್ ಎಸೆಯುತ್ತಿದ್ದವರು. ನಂತರ ಕೋಚ್ ಸತ್ಯನಾರಾಯಣ ಅವರ ಮಾರ್ಗದರ್ಶನದಲ್ಲಿ ಶಾಟ್‌ಪುಟ್‌ಗೆ ಬಂದರು.

ಇಂಥ ಗೆಲುವುಗಳನ್ನು ಟಿವಿಯಲ್ಲಿ ನೋಡಿದ ಮಕ್ಕಳು ಮೈದಾನಕ್ಕೆ ಬಂದಾಗ ಮೊದಲು ಅನುಕರಿಸುವುದು ವೃತ್ತದ ಹಿಂಬದಿಯಿಂದ ಜಾರಿ ಬರುವ ಚಲನೆಯನ್ನು. ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕೀರ್ಣದಂಥ ಸಿಂಥೆಟಿಕ್ ಮೈದಾನವಿರಲಿ, ಶಾಲೆಯ ಮಣ್ಣಿನ ಅಂಗಳವಿರಲಿ, ತಪ್ಪು ಶುರುವಾಗುವುದು ಇಲ್ಲೇ. ಶಾಟ್‌ಪುಟ್ ಕಲಿಸಬೇಕಾದದ್ದು ಕೊನೆಯಿಂದ ಮೊದಲಿಗೆ. ಅಂದರೆ ಗುಂಡು ಕೈಬಿಡುವ ಕ್ಷಣ ಮೊದಲು, ಜಾರುವಿಕೆ ಕೊನೆಗೆ. ಅದು ಯಾಕೆ, ಹೇಗೆ ಎಂಬ ವಿವರ ಇಲ್ಲಿದೆ.

ಎಸೆಯುವುದಲ್ಲ, ತಳ್ಳುವುದು

ಕನ್ನಡದಲ್ಲಿ ಗುಂಡು ಎಸೆತ ಎನ್ನುತ್ತೇವೆ. ಆದರೆ ಕ್ರಿಕೆಟ್ ಚೆಂಡಿನಂತೆ ಗುಂಡನ್ನು ಎಸೆದರೆ ಅದು ಫೌಲ್. ನಿಯಮದ ಪ್ರಕಾರ ಗುಂಡು ಎಸೆತದ ಆರಂಭದಲ್ಲಿ ಕತ್ತು ಅಥವಾ ಗಲ್ಲಕ್ಕೆ ತಾಗಿರಬೇಕು, ಇಲ್ಲವೇ ತೀರಾ ಹತ್ತಿರವಿರಬೇಕು. ಕೈ ಆ ಮಟ್ಟದಿಂದ ಕೆಳಗೆ ಇಳಿಯಬಾರದು, ಗುಂಡು ಭುಜದ ರೇಖೆಯ ಹಿಂದಕ್ಕೆ ಹೋಗಬಾರದು. ಒಂದೇ ಕೈಯಿಂದ ಭುಜದ ಮೇಲಿನಿಂದ ಅದನ್ನು ತಳ್ಳಬೇಕು.

ಇದು ಬರೀ ಅಂಪೈರ್‌ಗಳ ನಿಯಮವಲ್ಲ, ಸುರಕ್ಷತೆಯ ವಿಚಾರವೂ ಹೌದು. ಭಾರದ ಗುಂಡನ್ನು ಮೊಣಕೈ ಕೆಳಗಿಳಿಸಿ ಎಸೆದರೆ ಎಳೆತವೆಲ್ಲ ಮೊಣಕೈ ಮತ್ತು ಭುಜದ ಮೇಲೆ ಬೀಳುತ್ತದೆ. ಹಾಗಾಗಿ ಮೊದಲ ಪಾಠವೇ ತಳ್ಳುವುದು.

ಹಂತ 1: ಎರಡು ಕೈಯಿಂದ ತಳ್ಳುವುದು

ಇದಕ್ಕೆ ಕಬ್ಬಿಣದ ಗುಂಡು ಬೇಡ. 1ರಿಂದ 2 ಕೆಜಿಯ ಮೆಡಿಸಿನ್ ಬಾಲ್ ಸಾಕು, ಅದಿಲ್ಲದಿದ್ದರೆ ಬ್ಯಾಸ್ಕೆಟ್‌ಬಾಲ್ ಆದರೂ ನಡೆಯುತ್ತದೆ. ಪಾದಗಳನ್ನು ಭುಜದಷ್ಟು ಅಗಲಕ್ಕೆ ಇಟ್ಟು, ಮುಂದಕ್ಕೆ ಮುಖ ಮಾಡಿ ನಿಲ್ಲಬೇಕು. ಚೆಂಡನ್ನು ಎದೆಯ ಬಳಿ ಎರಡೂ ಕೈಯಲ್ಲಿ ಹಿಡಿದು, ಮೊಣಕೈಗಳನ್ನು ಹೊರಕ್ಕೆ ಎತ್ತಿ, ಮೊಣಕಾಲು ಬಗ್ಗಿಸಬೇಕು. ನಂತರ ಮೊದಲು ಕಾಲು ನೆಟ್ಟಗಾಗಬೇಕು, ಆಮೇಲೆ ಕೈ ಚಾಚಬೇಕು.

ಈ ಹಂತದಲ್ಲಿ ಕಲಿಯಬೇಕಾದದ್ದು ಈ ಕ್ರಮ ಒಂದನ್ನೇ: ಕಾಲು ಮೊದಲು, ಕೈ ಕೊನೆಗೆ. ಎರಡೂ ಕೈ ಇರುವುದರಿಂದ ದೇಹ ಒಂದು ಕಡೆ ವಾಲುವುದಿಲ್ಲ, ಮೊಣಕೈ ಇಳಿಯುವುದೂ ಕಡಿಮೆ. ಕ್ರಮ ಸರಿಯಾಗಿದೆಯೇ ಎಂದು ತಿಳಿಯುವುದು ಸುಲಭ. ಚೆಂಡು ಕೈಬಿಟ್ಟ ಕ್ಷಣದಲ್ಲಿ ಮಗು ಮುಂಗಾಲಿನ ಮೇಲೆ ಎದ್ದು ನಿಂತಿದ್ದರೆ ಸರಿ. ಮೊಣಕಾಲು ಇನ್ನೂ ಬಗ್ಗಿಯೇ ಇದ್ದರೆ ಕೈ ಅವಸರ ಮಾಡಿದೆ ಎಂದರ್ಥ. ಚೆಂಡು ನೆಲಕ್ಕೆ ಸಮಾನಾಂತರವಾಗಿ ಹೋಗುತ್ತಿದ್ದರೆ, ಸುಮಾರು 2 ಮೀಟರ್ ಮುಂದೆ ತಲೆಗಿಂತ ಎತ್ತರದಲ್ಲಿ ಒಂದು ಹಗ್ಗ ಕಟ್ಟಿ ಅದರ ಮೇಲಿಂದ ದಾಟಿಸಲು ಹೇಳಬಹುದು.

ಹಂತ 2: ಗುಂಡು ಹಿಡಿಯುವುದು, ಒಂದೇ ಕೈಯಿಂದ ತಳ್ಳುವುದು

ಗುಂಡು ಅಂಗೈಯಲ್ಲಿ ಕೂರಬಾರದು. ನಡುವಿನ ಮೂರು ಬೆರಳುಗಳ ಬುಡದ ಮೇಲೆ ಕೂರಬೇಕು. ಹೆಬ್ಬೆರಳು ಮತ್ತು ಕಿರುಬೆರಳು ಪಕ್ಕಕ್ಕೆ ಜಾರದಂತೆ ಆಧಾರ ಕೊಡುತ್ತವೆ. ನಂತರ ಗುಂಡನ್ನು ಗಲ್ಲದ ಕೆಳಗೆ, ಕತ್ತಿಗೆ ಒತ್ತಿ ಇಡಬೇಕು. ಹೆಬ್ಬೆರಳು ಕೆಳಗೆ ಕುತ್ತಿಗೆಯ ಎಲುಬಿನ ಕಡೆಗೆ ತೋರಬೇಕು.

ಇದನ್ನು ಪರೀಕ್ಷಿಸಲು ಹಳೆಯ ಉಪಾಯವೊಂದಿದೆ. ಗುಂಡಿಗೆ ಸೀಮೆಸುಣ್ಣದ ಪುಡಿ ಸವರಿ ನಾಲ್ಕೈದು ಬಾರಿ ತಳ್ಳಿಸಬೇಕು. ಬೆರಳು ಮತ್ತು ಕತ್ತಿನ ಮೇಲೆ ಬಿಳಿ ಗುರುತು ಇದ್ದು, ಅಂಗೈ ಚೊಕ್ಕವಾಗಿದ್ದರೆ ಹಿಡಿತ ಸರಿ. ಅಂಗೈ ಬೆಳ್ಳಗಾಗಿದ್ದರೆ ಕೊನೆಯ ಕ್ಷಣದ ಮಣಿಕಟ್ಟಿನ ತಳ್ಳು ಸಿಗುವುದಿಲ್ಲ. ಕತ್ತಿನ ಮೇಲೆ ಗುರುತೇ ಇಲ್ಲದಿದ್ದರೆ ಮಗು ಗುಂಡನ್ನು ದೂರ ಹಿಡಿದು ಎಸೆಯುತ್ತಿದೆ.

ಈ ಹಂತದಲ್ಲೂ ಮುಖ ಮುಂದಕ್ಕೇ ಇರಬೇಕು, ಪಾದಗಳು ಸಮಾನಾಂತರವಾಗಿರಬೇಕು. ಬೆರಳು ನೋಯುತ್ತಿದೆ ಎಂದರೆ ಹಗುರ ಗುಂಡಿಗೆ ಇಳಿಯಬೇಕು. 18 ವರ್ಷದೊಳಗಿನ ಬಾಲಕಿಯರ ಸ್ಪರ್ಧೆಯ ಗುಂಡು 3 ಕೆಜಿ, ಬಾಲಕರದ್ದು 5 ಕೆಜಿ. ಕಲಿಕೆ ಅದಕ್ಕಿಂತ ಹಗುರದಿಂದ ಶುರುವಾದರೆ ನಷ್ಟವಿಲ್ಲ.

ಹಂತ 3: ನಿಂತು ಎಸೆಯುವುದು

ದೂರದ ಬಹುಪಾಲು ಸಿಗುವುದು ಇಲ್ಲೇ. ಬಲಗೈ ಎಸೆತಗಾರರ ಲೆಕ್ಕದಲ್ಲಿ ಹೇಳುವುದಾದರೆ, ಬಲಪಾದ ವೃತ್ತದ ಮಧ್ಯದಲ್ಲಿರಬೇಕು ಮತ್ತು ಎಸೆಯುವ ದಿಕ್ಕಿಗೆ ಅಡ್ಡವಾಗಿ, ತುಸು ಹಿಂದಕ್ಕೆ ತಿರುಗಿರಬೇಕು. ಎಡಪಾದ ಮುಂದಿನ ತಡೆಹಲಗೆಯ ಬಳಿ, ಸ್ವಲ್ಪ ಎಡಕ್ಕೆ ಸರಿದಿರಬೇಕು. ಬಲ ಹಿಮ್ಮಡಿ ಮತ್ತು ಎಡ ಕಾಲ್ಬೆರಳು ಸರಿಸುಮಾರು ಒಂದೇ ಗೆರೆಯಲ್ಲಿ ಬರಬೇಕು. ದೇಹದ ಭಾರ ಬಗ್ಗಿದ ಬಲಗಾಲಿನ ಮೇಲೆ, ಎದೆ ಮತ್ತು ನೋಟ ವೃತ್ತದ ಹಿಂಬದಿಗೆ. ಪಕ್ಕದಿಂದ ನೋಡಿದರೆ ಗಲ್ಲ, ಬಲ ಮೊಣಕಾಲು ಮತ್ತು ಬಲ ಕಾಲ್ಬೆರಳು ಒಂದರ ಮೇಲೊಂದು ನಿಂತಂತೆ ಕಾಣಬೇಕು.

ಎಸೆತ ಶುರುವಾಗುವುದು ಬಲಪಾದದಿಂದ. ಪಾದ ತಿರುಗುತ್ತದೆ, ಮೊಣಕಾಲು ತಿರುಗುತ್ತದೆ, ಸೊಂಟ ಮುಂದೆ ಬರುತ್ತದೆ, ಆಮೇಲೆ ಭುಜ, ಕೊನೆಗೆ ಕೈ. ಎಡಗಾಲು ಗಟ್ಟಿಯಾಗಿ ನೆಟ್ಟಗೆ ನಿಂತು ದೇಹ ಮುಂದೆ ಜಾರದಂತೆ ತಡೆಯುತ್ತದೆ. ಆ ತಡೆಯಿಂದಲೇ ವೇಗ ಗುಂಡಿಗೆ ದಾಟುತ್ತದೆ. ಎಡ ಮೊಣಕಾಲು ಕುಸಿದರೆ ಗುಂಡು ತಗ್ಗಿನಲ್ಲಿ ಹೋಗಿ ಬೇಗ ಬೀಳುತ್ತದೆ.

ಮಕ್ಕಳಿಗೆ ಇದನ್ನು ಒಮ್ಮೆಗೇ ಹೇಳಿಕೊಟ್ಟರೆ ಗೊಂದಲವಾಗುತ್ತದೆ. ಮೊದಲು ಪಕ್ಕಕ್ಕೆ ನಿಂತು ಕಾಲು ಭಾಗ ತಿರುಗಿ ಎಸೆಯುವುದು, ನಂತರ ಪೂರ್ತಿ ಹಿಂದಕ್ಕೆ ತಿರುಗಿ ಎಸೆಯುವುದು, ಹೀಗೆ ಒಡೆದು ಕಲಿಸಬೇಕು. ಎಸೆದ ಮೇಲೆ ಪಾದಗಳನ್ನು ನೆಲದಲ್ಲೇ ಇಟ್ಟು ನಿಲ್ಲುವುದೇ ಪರೀಕ್ಷೆ. ಸತತ ಹತ್ತು ಎಸೆತಗಳಲ್ಲಿ ಎಂಟು ಬಾರಿ ಸಮತೋಲನದಲ್ಲಿ ನಿಂತರೆ ಮುಂದಿನ ಹಂತಕ್ಕೆ ಹೋಗಬಹುದು. ಎಸೆತದ ನಂತರ ಕಾಲು ಬದಲಿಸಿ ಹಾರುವುದನ್ನು ಈಗಲೇ ಕಲಿಸಿದರೆ ಮಗು ಎಡಗಾಲಿನ ತಡೆಯನ್ನು ಬಿಟ್ಟುಬಿಡುತ್ತದೆ.

ಹಂತ 4: ಗ್ಲೈಡ್

ಅಮೆರಿಕದ ಪ್ಯಾರಿ ಒ'ಬ್ರಿಯನ್ 1950ರ ದಶಕದ ಆರಂಭದಲ್ಲಿ ಎಸೆಯುವ ದಿಕ್ಕಿಗೆ ಬೆನ್ನು ಹಾಕಿ ನಿಂತು ಜಾರುವ ಈ ಶೈಲಿಯನ್ನು ರೂಢಿಗೆ ತಂದರು. 1952 ಮತ್ತು 1956ರ ಒಲಿಂಪಿಕ್ ಚಿನ್ನ ಅವರದ್ದೇ. ವೃತ್ತದ ವ್ಯಾಸ 2.135 ಮೀಟರ್ ಮಾತ್ರ. ಅಷ್ಟು ಚಿಕ್ಕ ಜಾಗದಲ್ಲಿ ಗುಂಡಿಗೆ ಹೆಚ್ಚು ದೂರ ವೇಗ ಕೊಡುವುದು ಈ ಶೈಲಿಯ ಉದ್ದೇಶ.

ಮೊದಲು ಗುಂಡಿಲ್ಲದೆ ಕಲಿಯಬೇಕು. ನೆಲದ ಮೇಲೆ ನೇರ ಗೆರೆ ಎಳೆದು, ಅದಕ್ಕೆ ಬೆನ್ನು ಹಾಕಿ ಬಲಗಾಲಿನ ಮೇಲೆ ಬಗ್ಗಿ ನಿಲ್ಲಬೇಕು. ಎಡಗಾಲನ್ನು ತಡೆಹಲಗೆಯ ಕಡೆಗೆ ತಗ್ಗಿನಲ್ಲಿ ಒದೆಯಬೇಕು. ಅದೇ ಹೊತ್ತಿಗೆ ಬಲಗಾಲು ನೆಲವನ್ನು ತಳ್ಳಿ, ಕೂಡಲೇ ದೇಹದ ಕೆಳಗೆ ಸೇರಬೇಕು. ಕೋಚ್ ಎದುರು ನಿಂತು ಮಗುವಿನ ಎಡಗೈಯನ್ನು ಹಗುರವಾಗಿ ಹಿಡಿದುಕೊಂಡರೆ ಭುಜ ಬೇಗ ತಿರುಗುವುದಿಲ್ಲ.

ಗ್ಲೈಡ್ ಮುಗಿಯುವ ಜಾಗ ಯಾವುದು? ಹಂತ 3ರಲ್ಲಿ ಕಲಿತ ಅದೇ ಭಂಗಿ. ಅದು ಮೈಗೂಡಿರದಿದ್ದರೆ ಜಾರಿ ಬಂದು ತಲುಪಲು ಜಾಗವೇ ಇರುವುದಿಲ್ಲ. ಕೊನೆಯಿಂದ ಮೊದಲಿಗೆ ಕಲಿಸಬೇಕು ಎನ್ನುವುದು ಇದಕ್ಕೇ.

ಜಾರಿದರೂ ದೂರ ಕಡಿಮೆಯಾದರೆ?

ಒಂದು ಉದಾಹರಣೆ ನೋಡೋಣ. 3 ಕೆಜಿ ಗುಂಡನ್ನು ನಿಂತು 8 ಮೀಟರ್ ಎಸೆಯುವ 15 ವರ್ಷದ ಬಾಲಕಿ, ಗ್ಲೈಡ್ ಮಾಡಿದಾಗ 7.60 ಮೀಟರ್ ಎಸೆಯುತ್ತಾಳೆ ಎಂದುಕೊಳ್ಳಿ. ಶಕ್ತಿ ಸಾಲದು ಎಂದು ಅನೇಕರು ತೀರ್ಮಾನಿಸುತ್ತಾರೆ. ಆದರೆ ನಿಂತು 8 ಮೀಟರ್ ಎಸೆಯುವ ಶಕ್ತಿ ಅವಳಲ್ಲಿದೆ. ಕಳೆದುಹೋಗುತ್ತಿರುವುದು ನಡುವೆ ಎಲ್ಲೋ.

ಪತ್ತೆ ಹಚ್ಚಲು ಮೊದಲು ಕಿವಿಗೊಡಬೇಕು. ಬಲಪಾದ, ಎಡಪಾದ ಇಳಿಯುವ ಸದ್ದು 'ಟಪ್-ಟಪ್' ಎಂದು ಬೆನ್ನುಬೆನ್ನಿಗೆ ಕೇಳಬೇಕು. ನಡುವೆ ಬಿಡುವು ಇದ್ದರೆ ಎಡಪಾದ ತಡವಾಗಿ ಇಳಿಯುತ್ತಿದೆ, ಅಷ್ಟರಲ್ಲಿ ಜಾರಿ ಗಳಿಸಿದ ವೇಗ ಸತ್ತಿರುತ್ತದೆ. ಎಡಗಾಲನ್ನು ಮೇಲಕ್ಕೆ ಒದೆದಿರುವುದು ಇದಕ್ಕೆ ಸಾಮಾನ್ಯ ಕಾರಣ.

ಎರಡನೆಯದು ಬಲಪಾದದ ಗುರುತು. ಪಾದಕ್ಕೆ ಸೀಮೆಸುಣ್ಣ ಹಚ್ಚಿದರೆ ಅದು ವೃತ್ತದ ಮಧ್ಯಕ್ಕೆ ಬಂದಿದೆಯೇ, ತಿರುಗಿದೆಯೇ ಎಂಬುದು ಕಾಣುತ್ತದೆ. ಪೂರ್ತಿ ಹಿಂದಕ್ಕೆ ಮುಖ ಮಾಡಿಯೇ ಇಳಿದಿದ್ದರೆ ಸೊಂಟ ತಿರುಗಲು ಆಗುವುದಿಲ್ಲ.

ಮೂರನೆಯದಕ್ಕೆ ಮೊಬೈಲ್ ವಿಡಿಯೋ ಬೇಕು. ಪಕ್ಕದಿಂದ ಚಿತ್ರಿಸಿ, ಎಡಪಾದ ಇಳಿದ ಕ್ಷಣದಲ್ಲಿ ನಿಲ್ಲಿಸಿ ನೋಡಬೇಕು. ಆಗ ಅವಳ ಮುಖ ಇನ್ನೂ ಹಿಂದಕ್ಕೆ ಇರಬೇಕು. ಆಗಲೇ ಮುಂದೆ ನೋಡುತ್ತಿದ್ದರೆ ಭುಜ ಮುಂಚೆಯೇ ತೆರೆದುಕೊಂಡಿದೆ. ಆಗ ಕೈಗೆ ಉಳಿದಿರುವುದು ಅರ್ಧ ದಾರಿ ಮಾತ್ರ. ವೃತ್ತದ ಹಿಂದೆ ನೆಲದ ಮೇಲೆ ಒಂದು ಶೂ ಇಟ್ಟು, ಎಡಪಾದ ಇಳಿಯುವವರೆಗೂ ಅದನ್ನೇ ನೋಡು ಎಂದರೆ ಈ ತಪ್ಪು ಸರಿಹೋಗುತ್ತದೆ.

ಪಳಗಿದ ಎಸೆತಗಾರರಿಗೆ ಗ್ಲೈಡ್‌ನಿಂದ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಮೀಟರ್ ಹೆಚ್ಚು ಸಿಗುತ್ತದೆ. ಕಲಿಯುವವರಿಗೆ ಅರ್ಧ ಮೀಟರ್ ಸಿಕ್ಕರೂ ಜೋಡಣೆ ಕೂಡಿಬರುತ್ತಿದೆ ಎಂದರ್ಥ. ಹಾಗಾಗಿ ಪ್ರತಿ ವಾರ ಎರಡೂ ದೂರಗಳನ್ನು ಪಕ್ಕಪಕ್ಕದಲ್ಲಿ ಬರೆದಿಡಬೇಕು. ನಿಂತು ಎಸೆಯುವ ದೂರ ಏರುತ್ತಿದ್ದು ಗ್ಲೈಡ್ ಏರದಿದ್ದರೆ ತೊಂದರೆ ಕಾಲಿನ ಚಲನೆಯಲ್ಲಿದೆ. ಎರಡೂ ನಿಂತಲ್ಲೇ ನಿಂತಿದ್ದರೆ ಹಂತ 3ಕ್ಕೆ ಮರಳಬೇಕು.

ಒಂದು ಕೈಗೆ ತೊಂದರೆ ಇದ್ದವರಿಗೆ

ಎಫ್46 ಒಂದು ಕೈಯಲ್ಲಿ ನ್ಯೂನತೆ ಇರುವವರು ನಿಂತು ಸ್ಪರ್ಧಿಸುವ ವಿಭಾಗ. ಅವರಲ್ಲಿ ಹಲವರಿಗೆ ಮೊದಲ ಹಂತ ಸಾಧ್ಯವಾಗದು. ಅಂಥವರಿಗೆ ಕಾಲು ಮೊದಲು, ಕೈ ಕೊನೆಗೆ ಎಂಬ ಪಾಠವನ್ನು ಹಗುರ ಚೆಂಡಿನೊಂದಿಗೆ ಒಂದೇ ಕೈಯಲ್ಲಿ ಕಲಿಸಬಹುದು. ಎಸೆಯದ ಕೈ ದೇಹವನ್ನು ತಿರುಗಿಸಲು, ಕೊನೆಯಲ್ಲಿ ಪಕ್ಕಕ್ಕೆ ಒತ್ತಿಕೊಂಡು ಎಡಬದಿಯನ್ನು ತಡೆಯಲು ನೆರವಾಗುತ್ತದೆ. ಆ ನೆರವು ಕಡಿಮೆ ಇರುವಲ್ಲಿ ಎಡಗಾಲಿನ ತಡೆಗೆ ಇನ್ನಷ್ಟು ಸಮಯ ಕೊಡಬೇಕಾಗುತ್ತದೆ.

ಮೈದಾನದಲ್ಲಿ ತಪ್ಪದೇ ಪಾಲಿಸಬೇಕಾದ್ದು

ಎಲ್ಲರೂ ಎಸೆದ ಮೇಲೆಯೇ ಗುಂಡು ತರಲು ಹೋಗಬೇಕು. ಗುಂಡನ್ನು ಕೈಯಲ್ಲಿ ಹಿಡಿದೇ ತರಬೇಕು, ವಾಪಸ್ ಎಸೆಯಬಾರದು. ಒದ್ದೆ ಗುಂಡನ್ನು ಒರೆಸದೆ ಎತ್ತಬಾರದು. ವೃತ್ತ ಒದ್ದೆಯಿದ್ದರೆ ಆ ದಿನ ಗ್ಲೈಡ್ ಬೇಡ.

ಶಾಲಾ ಕ್ರೀಡಾಕೂಟ ಹತ್ತಿರ ಬಂದು ಗ್ಲೈಡ್ ಇನ್ನೂ ಕೂಡಿಬರದಿದ್ದರೆ ಗಾಬರಿ ಬೇಕಿಲ್ಲ. ಜಾರಿಯೇ ಎಸೆಯಬೇಕು ಎಂದು ಯಾವ ನಿಯಮವೂ ಹೇಳುವುದಿಲ್ಲ. ನಿಂತು ಎಸೆದು, ಗುಂಡು ನೆಲ ಮುಟ್ಟಿದ ಮೇಲೆ ವೃತ್ತದ ಹಿಂದಿನ ಅರ್ಧದಿಂದ ಹೊರನಡೆದರೆ ಆ ಎಸೆತವೂ ಲೆಕ್ಕಕ್ಕೆ ಬರುತ್ತದೆ.