ಓಡುವ ಗಾಲಿಯಲ್ಲಿ ನಿಂತಿರುವ ಬಿಂದು

ಸಂಜೆಯ ಹೊತ್ತು, ಬೆಳಕು ಸ್ವಲ್ಪ ಇಳಿದ ಮೇಲೆ ರಸ್ತೆಬದಿಯಲ್ಲಿ ನಿಂತು, ಎದುರಿಗೆ ಅಡ್ಡಲಾಗಿ ಹಾದುಹೋಗುವ ಸೈಕಲ್ಲಿನ ಒಂದು ಫೋಟೊ ತೆಗೆಯಿರಿ. ಕ್ಯಾಮೆರಾವನ್ನು ಸೈಕಲ್ಲಿನ ಹಿಂದೆ ತಿರುಗಿಸಬಾರದು, ಒಂದೇ ಕಡೆ ಗಟ್ಟಿಯಾಗಿ ಹಿಡಿದಿರಬೇಕು. ಆಮೇಲೆ ಚಿತ್ರದಲ್ಲಿ ಗಾಲಿಯನ್ನಷ್ಟೇ ದೊಡ್ಡದು ಮಾಡಿ ನೋಡಿ. ಮೇಲರ್ಧದ ಕಡ್ಡಿಗಳು ಕಲಸಿಹೋಗಿ ಬೂದುಬಣ್ಣದ ಮಂಜಿನಂತೆ ಕಾಣುತ್ತವೆ. ನೆಲದ ಹತ್ತಿರದ ಕಡ್ಡಿಗಳನ್ನು ಮಾತ್ರ ಒಂದೊಂದಾಗಿ ಎಣಿಸಬಹುದು. ಟೈರು ನೆಲಕ್ಕೆ ತಾಗಿರುವ ಜಾಗದಲ್ಲಂತೂ ಟೈರಿನ ಗೀರುಗಳೇ ಕಾಣುವಷ್ಟು ಚಿತ್ರ ನಿಚ್ಚಳವಾಗಿರುತ್ತದೆ.

ಒಂದೇ ಗಾಲಿ, ಒಂದೇ ಕ್ಷಣ, ಒಂದೇ ಕ್ಯಾಮೆರಾ. ಆದರೂ ಮೇಲ್ಭಾಗ ಮಸುಕು, ಕೆಳಭಾಗ ಸ್ಪಷ್ಟ. ಇದು ಕ್ಯಾಮೆರಾದ ದೋಷವಲ್ಲ. ರಸ್ತೆಯಲ್ಲಿ ನಿಂತು ನೋಡುವವರ ಪಾಲಿಗೆ ಗಾಲಿಯ ಮೇಲ್ತುದಿ ಸೈಕಲ್ಲಿಗಿಂತ ಎರಡು ಪಟ್ಟು ವೇಗವಾಗಿ ಓಡುತ್ತಿರುತ್ತದೆ, ನೆಲ ಮುಟ್ಟಿದ ತುದಿ ಆ ಕ್ಷಣಕ್ಕೆ ನಿಂತೇ ಬಿಟ್ಟಿರುತ್ತದೆ.

ಮೊದಲ ಸಲ ಕೇಳಿದವರಿಗೆ ಇದು ನಂಬಲು ಕಷ್ಟ. ಸೈಕಲ್ ಓಡುತ್ತಿರುವಾಗ ಅದರ ಒಂದು ಭಾಗ ನಿಂತಿರುವುದು ಹೇಗೆ? ಲೆಕ್ಕ ಹಾಕಿಯೇ ನೋಡೋಣ. ನಮ್ಮ ಊರುಗಳಲ್ಲಿ ಓಡಾಡುವ ದೊಡ್ಡ ಸೈಕಲ್ಲಿನ ಗಾಲಿ ಸುಮಾರು 70 ಸೆಂಟಿಮೀಟರ್ ಅಗಲ, ಅಂದರೆ ನಡುವಿನಿಂದ ಅಂಚಿಗೆ 35 ಸೆಂಟಿಮೀಟರ್. ಅದರ ಸುತ್ತಳತೆ ಹತ್ತಿರ ಹತ್ತಿರ 2.2 ಮೀಟರ್. ಗಾಲಿ ಜಾರದೆ ಒಂದು ಸುತ್ತು ಉರುಳಿದರೆ ಸೈಕಲ್ ಸರಿಯಾಗಿ 2.2 ಮೀಟರ್ ಮುಂದೆ ಹೋಗುತ್ತದೆ. ಟೈರಿಗೆ ಸುಣ್ಣದ ಗುರುತು ಹಚ್ಚಿ ಉರುಳಿಸಿದರೆ ನೆಲದ ಮೇಲೆ ಅಷ್ಟಷ್ಟೇ ದೂರಕ್ಕೆ ಚುಕ್ಕೆಗಳು ಬೀಳುತ್ತವೆ. ಇಡೀ ವಿಷಯದ ಬೇರು ಇಷ್ಟೇ: ಅಂಚು ಎಷ್ಟು ತಿರುಗಿತೋ ಸೈಕಲ್ ಅಷ್ಟೇ ಸಾಗಿತು.

ಸೈಕಲ್ ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಎನ್ನೋಣ. ಅದು ಸೆಕೆಂಡಿಗೆ 5 ಮೀಟರ್. ಸೀಟಿನ ಮೇಲೆ ಕುಳಿತವನು ಬಗ್ಗಿ ನೋಡಿದರೆ ಅವನಿಗೆ ಗಾಲಿ ಮುಂದೆ ಹೋಗುವುದು ಕಾಣುವುದಿಲ್ಲ, ಇದ್ದಲ್ಲೇ ಸುತ್ತುವುದಷ್ಟೇ ಕಾಣುತ್ತದೆ. ಅವನ ಕಣ್ಣಿಗೆ ಅಂಚಿನ ಪ್ರತಿ ಬಿಂದುವೂ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಸುತ್ತುತ್ತಿದೆ. ಮೇಲ್ತುದಿ ಮುಂದಕ್ಕೆ, ಕೆಳತುದಿ ಹಿಂದಕ್ಕೆ. ಈಗ ರಸ್ತೆಯಲ್ಲಿ ನಿಂತವರ ಕಡೆ ಬನ್ನಿ. ಅವರಿಗೆ ಈ ಸುತ್ತುವಿಕೆಯ ಜೊತೆಗೆ ಇಡೀ ಸೈಕಲ್ಲಿನ 5 ಮೀಟರ್ ಮುನ್ನಡೆಯೂ ಸೇರಿ ಕಾಣುತ್ತದೆ. ಮೇಲೆ ಮುಂದಕ್ಕೆ 5, ಮುಂದಕ್ಕೆ 5, ಕೂಡಿದರೆ 10. ನಡುವಿನ ಆಕ್ಸಲ್ ಸುತ್ತುವುದಿಲ್ಲ, ಆದ್ದರಿಂದ ಅದಕ್ಕೆ ಬರೀ 5. ಕೆಳಗೆ ಹಿಂದಕ್ಕೆ 5, ಮುಂದಕ್ಕೆ 5. ಒಂದನ್ನೊಂದು ತಿಂದುಹಾಕಿ ಉಳಿಯುವುದು ಸೊನ್ನೆ. ಗಂಟೆಯ ಲೆಕ್ಕದಲ್ಲಿ ಹೇಳುವುದಾದರೆ ಸೈಕಲ್ 18ರಲ್ಲಿ ಹೋಗುವಾಗ ಅದರ ಗಾಲಿಯ ನೆತ್ತಿ 36ರಲ್ಲಿ ಓಡುತ್ತಿದೆ.

ಇದನ್ನೇ ಇನ್ನೊಂದು ಬಗೆಯಲ್ಲೂ ನೋಡಬಹುದು. ಮನೆಯ ಬಾಗಿಲು ತೆರೆಯುವಾಗ ಕೀಲಿನ ಬಳಿ ಚಲನೆಯೇ ಇಲ್ಲ, ಹಿಡಿಕೆಯ ಬಳಿ ಹೆಚ್ಚು, ನಡುವೆ ಅದರರ್ಧ. ಉರುಳುವ ಗಾಲಿಗೆ ನೆಲ ಮುಟ್ಟಿದ ಬಿಂದುವೇ ಆ ಕ್ಷಣದ ಕೀಲು. ಇಡೀ ಗಾಲಿ ಅದನ್ನು ಆಧಾರ ಮಾಡಿಕೊಂಡು ಮುಂದಕ್ಕೆ ಹೊರಳುತ್ತಿರುತ್ತದೆ. ಕೀಲಿನಿಂದ ಎಷ್ಟು ದೂರವೋ ಅಷ್ಟು ವೇಗ. ಆಕ್ಸಲ್ ಕೀಲಿಗೆ 35 ಸೆಂಟಿಮೀಟರ್ ದೂರ, ನೆತ್ತಿ 70 ಸೆಂಟಿಮೀಟರ್ ದೂರ. ಹಾಗಾಗಿ ಎರಡು ಪಟ್ಟು. ಬಾಗಿಲಿನ ಕೀಲು ಬದಲಾಗುವುದಿಲ್ಲ, ಗಾಲಿಯ ಕೀಲು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಕೆಳಗಿನ ಬಿಂದು ಎಷ್ಟು ಹೊತ್ತು ನಿಂತಿರುತ್ತದೆ? ಕಾಲಿಡುವ ಮುಂಚೆಯೇ ಹೊರಡುವ ಅತಿಥಿಯ ಹಾಗೆ, ನಿಂತ ಗಳಿಗೆಯಲ್ಲೇ ಅದು ಮೇಲಕ್ಕೆ ಏಳಲು ಶುರುಮಾಡುತ್ತದೆ. ಮೊದಲು ಹೇಳಿದ ಫೋಟೊಗೆ ಸೆಕೆಂಡಿನ 60ನೇ ಒಂದು ಭಾಗದಷ್ಟು ಹೊತ್ತು ಬೆಳಕು ಬಿದ್ದಿದೆ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಸೈಕಲ್ 8 ಸೆಂಟಿಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗಿದೆ. ಗಾಲಿಯ ನೆತ್ತಿ 16 ಸೆಂಟಿಮೀಟರ್ ದಾಟಿ ಓಡಿದೆ. ನೆಲ ಮುಟ್ಟಿದ ಬಿಂದು? ಆ ಹೊತ್ತಿನ ನಟ್ಟನಡುವೆ ನೆಲಕ್ಕೆ ತಾಗಿದ್ದ ಬಿಂದು ಮೊದಲು ಎರಡೂವರೆ ಮಿಲಿಮೀಟರ್ ಕೆಳಗಿಳಿದು, ಮತ್ತೆ ಅಷ್ಟೇ ಮೇಲೆದ್ದಿದೆ. ಹಿಂದೆ ಮುಂದೆ ಸರಿದದ್ದು ಕೂದಲೆಳೆಯಷ್ಟು. ಒಂದೇ ಗಾಲಿಯಲ್ಲಿ ಒಂದು ಕಡೆ ಒಂದು ಗೇಣಿಗೆ ಹತ್ತಿರ, ಇನ್ನೊಂದು ಕಡೆ ಅಕ್ಕಿಕಾಳಿನ ದಪ್ಪ. ಫೋಟೊದ ಮಸುಕು, ಸ್ಪಷ್ಟತೆಗಳ ಗುಟ್ಟು ಇದೇ.

ಕ್ಯಾಮೆರಾ ಇಲ್ಲದವರು ಮೇಜಿನ ಮೇಲೆ ಎರಡು ದುಂಡು ಪೆನ್ಸಿಲ್ಲುಗಳನ್ನು ಅಕ್ಕಪಕ್ಕ ಇಟ್ಟು, ಅವುಗಳ ಮೇಲೆ ಸ್ಕೇಲನ್ನು ಅಡ್ಡ ಇಟ್ಟು ಮೆಲ್ಲಗೆ ತಳ್ಳಿ ನೋಡಬಹುದು. ಪೆನ್ಸಿಲ್ಲುಗಳು 5 ಸೆಂಟಿಮೀಟರ್ ಉರುಳಿದಾಗ ಸ್ಕೇಲು 10 ಸೆಂಟಿಮೀಟರ್ ಹೋಗಿರುತ್ತದೆ. ಸ್ಕೇಲು ಕೂತಿರುವುದು ಪೆನ್ಸಿಲ್ಲಿನ ನೆತ್ತಿಯ ಮೇಲೆ, ಹಾಗಾಗಿ ಅದಕ್ಕೆ ನೆತ್ತಿಯ ವೇಗ. ಭಾರದ ಕಲ್ಲನ್ನು ಮರದ ದಿಮ್ಮಿಗಳ ಮೇಲೆ ಉರುಳಿಸಿ ಸಾಗಿಸಿದವರಿಗೆ ಇದು ಕೈಯನುಭವದಿಂದ ಗೊತ್ತು: ಕಲ್ಲು ಮುಂದೆ ಹೋಗುತ್ತದೆ, ದಿಮ್ಮಿ ಹಿಂದೆ ಉಳಿಯುತ್ತದೆ, ಉಳಿದ ದಿಮ್ಮಿಯನ್ನು ಎತ್ತಿಕೊಂಡು ಬಂದು ಮತ್ತೆ ಮುಂದೆ ಹಾಕಬೇಕು. ಕೆರೆ ಹೂಳೆತ್ತುವ ಹಿಟಾಚಿಯ ಉಕ್ಕಿನ ಪಟ್ಟಿಯನ್ನು ಗಮನಿಸಿದರೂ ಸಾಕು. ನೆಲಕ್ಕೆ ಅಂಟಿದ ಪಟ್ಟಿ ಅಲ್ಲಾಡದೆ ಮಲಗಿರುತ್ತದೆ, ಮೇಲಿನ ಪಟ್ಟಿ ಯಂತ್ರಕ್ಕಿಂತ ಎರಡು ಪಟ್ಟು ವೇಗದಲ್ಲಿ ಮುಂದಕ್ಕೆ ಸರಿಯುತ್ತಿರುತ್ತದೆ.

ಅಂಚಿನ ಒಂದೇ ಬಿಂದುವನ್ನು ಹಿಂಬಾಲಿಸಿದರೆ ಅದು ಗಾಳಿಯಲ್ಲಿ ಕಮಾನು ಕಮಾನಾಗಿ ದಾರಿ ಬರೆಯುತ್ತದೆ. ಕಮಾನಿನ ತುದಿಯಲ್ಲಿ ಓಟ, ಬುಡದಲ್ಲಿ ಒಂದು ಚೂಪಾದ ನಿಲುಗಡೆ. ಸೈಕ್ಲಾಯ್ಡ್ ಎಂದು ಇದಕ್ಕೆ ಹೆಸರಿಟ್ಟವನು ಗೆಲಿಲಿಯೊ. ಅವನು ಈ ಕಮಾನಿನ ಆಕಾರವನ್ನೂ ಗಾಲಿಯ ಆಕಾರವನ್ನೂ ಕತ್ತರಿಸಿ ತಕ್ಕಡಿಯಲ್ಲಿ ತೂಗಿ ನೋಡಿದ. ಕಮಾನಿನ ತೂಕ ಗಾಲಿಯ ಮೂರು ಪಟ್ಟಿಗೆ ಹತ್ತಿರ ಬಂತು. ಸರಿಯಾಗಿ ಮೂರೇ ಪಟ್ಟು ಎಂದು ಮುಂದೆ ಗಣಿತದಿಂದ ಸಿದ್ಧವಾಯಿತು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿಸಿದ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ 1658ರಲ್ಲಿ ಈ ಕಮಾನಿನ ಉದ್ದವನ್ನು ಕಂಡುಹಿಡಿದ: ಗಾಲಿಯ ಅಗಲದ ನಾಲ್ಕು ಪಟ್ಟು. ನಮ್ಮ ಸೈಕಲ್ಲಿಗೆ ಹಚ್ಚಿದರೆ, ಸೈಕಲ್ 2.2 ಮೀಟರ್ ಹೋಗುವಷ್ಟರಲ್ಲಿ ಟೈರಿನ ಮೇಲಿನ ಚುಕ್ಕೆ 2.8 ಮೀಟರ್ ಸುತ್ತಾಡಿ ಬಂದಿರುತ್ತದೆ.

ರೈಲಿನ ಗಾಲಿಯಲ್ಲಿ ಇನ್ನೂ ಒಂದು ಸೋಜಿಗ ಇದೆ. ಬೆಂಗಳೂರಿನ ಯಲಹಂಕದಲ್ಲಿ 1984ರಿಂದ ನಡೆಯುತ್ತಿರುವ ರೈಲು ಗಾಲಿ ಕಾರ್ಖಾನೆಯಿಂದ ಹೊರಬರುವ ಗಾಲಿಗಳನ್ನು ನೋಡಿದರೆ ಒಳಬದಿಯಲ್ಲಿ ಒಂದು ಏರು ಅಂಚು ಇರುತ್ತದೆ. ಫ್ಲೇಂಜ್ ಎನ್ನುವ ಈ ಅಂಚೇ ಗಾಲಿ ಹಳಿ ಬಿಡದಂತೆ ಕಾಯುವುದು. ಗಾಲಿ ಉರುಳುವುದು ಹಳಿಯ ಮೇಲೆ, ಫ್ಲೇಂಜ್ ಇಳಿಬೀಳುವುದು ಹಳಿಯ ಮೇಲ್ಮಟ್ಟಕ್ಕಿಂತ ಕೆಳಗೆ. ಅಂದರೆ ಅದರ ಕೆಳತುದಿ ಕೀಲಿನ ಆಚೆ ಬದಿಗಿದೆ! ಬಾಗಿಲನ್ನು ಕೀಲಿನಾಚೆಗೂ ಒಂದಿಷ್ಟು ಚಾಚಿದರೆ ಆ ಚೂರು ವಿರುದ್ಧ ದಿಕ್ಕಿಗೆ ತಿರುಗುತ್ತದಲ್ಲ, ಹಾಗೆ. ಪ್ರಯಾಣಿಕರ ಬೋಗಿಯ ಹೊಸ ಗಾಲಿ 915 ಮಿಲಿಮೀಟರ್ ಅಗಲ, ಫ್ಲೇಂಜ್ ಸುಮಾರು 28 ಮಿಲಿಮೀಟರ್ ಕೆಳಗಿಳಿದಿರುತ್ತದೆ. ರೈಲು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮೈಸೂರಿನತ್ತ ಓಡುತ್ತಿದ್ದರೆ, ಪ್ರತಿ ಗಾಲಿಯ ಫ್ಲೇಂಜಿನ ಕೆಳತುದಿ ಗಂಟೆಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ, ಬಿರುಸಾಗಿ ನಡೆಯುವವರಷ್ಟು, ಬೆಂಗಳೂರಿನ ಕಡೆಗೇ ಹಿಂದೆ ಸರಿಯುತ್ತಿರುತ್ತದೆ.

ಇಷ್ಟೆಲ್ಲ ಸರಿಹೋಗುವುದು ಗಾಲಿ ಜಾರದೆ ಉರುಳಿದಾಗ ಮಾತ್ರ. ಕೆಸರಿನಲ್ಲಿ ಹೂತ ಲಾರಿಯ ಗಾಲಿ ಇದ್ದಲ್ಲೇ ಗಿರಗಿರನೆ ತಿರುಗುವಾಗ ನಡುವಿನ ಆಕ್ಸಲ್ಲೇ ನಿಂತಿರುತ್ತದೆ. ಕೆಳತುದಿ ಹಿಂದಕ್ಕೆ ಓಡಿ ಕೆಸರನ್ನು ಎರಚುತ್ತದೆ. ಬ್ರೇಕನ್ನು ಒಮ್ಮೆಲೇ ಒತ್ತಿ ಗಾಲಿ ಕಚ್ಚಿಕೊಂಡರೆ ಇದಕ್ಕೆ ತದ್ವಿರುದ್ಧ: ತಿರುಗುವುದೇ ನಿಂತು, ನೆತ್ತಿ, ನಡು, ಕೆಳತುದಿ ಮೂರೂ ಗಾಡಿಯ ವೇಗದಲ್ಲೇ ಮುಂದಕ್ಕೆ ಎಳೆದುಕೊಂಡು ಹೋಗುತ್ತವೆ. ಆಗ ಟೈರು ರಸ್ತೆಗೆ ಉಜ್ಜಿ ಕಪ್ಪು ಗೆರೆ ಬೀಳುತ್ತದೆ. ನಿಂತ ಬಿಂದುವಿಗೆ ರಸ್ತೆಯ ಮೇಲೆ ಇದ್ದ ಹಿಡಿತ ಉಜ್ಜುವ ಬಿಂದುವಿಗೆ ಇರುವುದಿಲ್ಲ. ಹ್ಯಾಂಡಲ್ ತಿರುಗಿಸಿದರೂ ಗಾಡಿ ಮಾತು ಕೇಳದೆ ನೇರವಾಗಿ ಹೋಗುವುದು ಇದಕ್ಕೇ.

ಎಬಿಎಸ್ ಇರುವ ಗಾಡಿ ಕಾಯುವುದು ಈ ಕೆಳಗಿನ ಬಿಂದುವನ್ನೇ. ಗಾಲಿಯ ಪಕ್ಕದ ಸೆನ್ಸರ್ ಅದರ ಸುತ್ತುವಿಕೆಯನ್ನು ಎಣಿಸುತ್ತಿರುತ್ತದೆ. ಗಾಲಿ ಇದ್ದಕ್ಕಿದ್ದಂತೆ ನಿಧಾನವಾಗಿ, ಅದರ ಸುತ್ತು ಗಾಡಿಯ ವೇಗಕ್ಕಿಂತ ತೀರಾ ಹಿಂದೆ ಬಿದ್ದರೆ ಕೆಳತುದಿ ಜಾರತೊಡಗಿದೆ ಎಂದರ್ಥ. ಒಡನೆ ಬ್ರೇಕನ್ನು ಸಡಿಲಿಸಿ ಮತ್ತೆ ಹಿಡಿಯುತ್ತದೆ, ಸೆಕೆಂಡಿಗೆ ಹಲವು ಸಲ. ನಿಜ ಹೇಳಬೇಕೆಂದರೆ ರಬ್ಬರ್ ಟೈರು ಪುಸ್ತಕದ ಗಾಲಿಯಷ್ಟು ಶುದ್ಧವಲ್ಲ. ಭಾರಕ್ಕೆ ಅದು ಕೆಳಗೆ ಚಪ್ಪಟೆಯಾಗಿ ಅಂಗೈಯಷ್ಟು ಜಾಗದಲ್ಲಿ ನೆಲಕ್ಕೆ ಒತ್ತಿಕೊಳ್ಳುತ್ತದೆ, ಬ್ರೇಕ್ ಹಾಕಿದಾಗಲೆಲ್ಲ ಆ ಜಾಗ ತುಸು ಜಾರಿಯೇ ಜಾರುತ್ತದೆ. ಆ ಅಲ್ಪ ಜಾರುವಿಕೆಯಲ್ಲೇ ಹಿಡಿತ ಅತಿ ಹೆಚ್ಚು, ಮಿತಿ ಮೀರಿದರೆ ಹಿಡಿತ ಕುಸಿಯುತ್ತದೆ.

ಮುಂದಿನ ಮಳೆ ನಿಂತ ಮೇಲೆ ಮಣ್ಣುದಾರಿಯಲ್ಲಿ ಬೈಕು ಹೋದ ಗುರುತನ್ನು ಬಗ್ಗಿ ನೋಡಿ. ಟೈರಿನ ಪ್ರತಿ ಗೀರೂ ಮೊಹರು ಒತ್ತಿದಂತೆ ಅಚ್ಚುಕಟ್ಟಾಗಿ ಮೂಡಿದ್ದರೆ, ಅಲ್ಲಿ ಟೈರಿನ ಒಂದೊಂದು ಬಿಂದುವೂ ಬಂದು, ನಿಂತು, ಎದ್ದು ಹೋಗಿದೆ. ಗೀರುಗಳು ಉದ್ದಕ್ಕೆ ಎಳೆದಂತೆ ಅಳಿಸಿಹೋದ ಜಾಗ ಕಂಡರೆ, ಅಲ್ಲಿ ಗಾಲಿ ಜಾರಿದೆ.