ಭಾನುವಾರದ ಬಡಿಸುವ ಕೆಲಸ: ಹೊರಡುವ ಮೊದಲೇ ಲೆಕ್ಕ ಆಗಲಿ

ರಮಝಾನ್ ಮುಗಿದು ಮದುವೆಗಳ ಸಾಲು ಶುರುವಾದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮ್ಮ ಮನೆಗಳ ಹುಡುಗರಿಗೆ ಶನಿವಾರ ರಾತ್ರಿಯೇ ಫೋನ್ ಬರುತ್ತದೆ. ‘ನಾಳೆ ಒಂದು ಫಂಕ್ಷನ್ ಇದೆ, ಬರ್ತೀಯಾ?’ ಹುಡುಗ ‘ಆಯ್ತು ಕಾಕಾ’ ಅನ್ನುತ್ತಾನೆ, ಫೋನ್ ಇಡುತ್ತಾನೆ. ಎಷ್ಟು ಹಣ, ಎಷ್ಟು ಹೊತ್ತು, ವಾಪಸ್ ಹೇಗೆ ಎಂಬ ಮಾತೇ ಆಗಿರುವುದಿಲ್ಲ. ಈ ಕೆಲಸದಲ್ಲಿ ಆಮೇಲೆ ಏಳುವ ಬೇಸರ, ಜಗಳಗಳಲ್ಲಿ ಹೆಚ್ಚಿನವು ಆ ಅರ್ಧ ನಿಮಿಷದಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳಿಂದಲೇ ಹುಟ್ಟುತ್ತವೆ.

ಕ್ಯಾಟರಿಂಗ್‌ನಲ್ಲಿ ಹಣ ಗಂಟೆ ಲೆಕ್ಕದಲ್ಲಿ ಅಲ್ಲ, ಫಂಕ್ಷನ್ ಲೆಕ್ಕದಲ್ಲಿ. ಹಗಲಿನ ಒಂದು ಊಟಕ್ಕೆ ಬಡಿಸುವವರಿಗೆ 500ರಿಂದ 800 ರೂಪಾಯಿ ಎಂಬ ಮಾತು ಕೇಳಿಬರುತ್ತದೆ. ಊರು, ಜನ, ಕೆಲಸ ನೋಡಿ ಇದು ಏರುತ್ತದೆ, ಇಳಿಯುತ್ತದೆ. ಅಡುಗೆ ಭಟ್ಟರ ಕೈಕೆಳಗಿನ ಕೆಲಸ, ಪಾತ್ರೆ ತೊಳೆಯುವುದು, ಸಾಮಾನು ಲೋಡ್ ಮಾಡುವುದು ಇವು ಬೇರೆ ಕೆಲಸಗಳು, ಇವುಗಳ ರೇಟೂ ಬೇರೆ ಇರಬೇಕು. ಬಡಿಸಲು ಎಂದು ಕರೆದು ಕೊನೆಗೆ ಪಾತ್ರೆಯ ಮುಂದೆ ಕೂರಿಸಿದರೆ ಹುಡುಗನಿಗೆ ನಷ್ಟ.

ಒಂದು ಲೆಕ್ಕ ಮಾಡಿ ನೋಡೋಣ. ಕೊಪ್ಪದ ಹುಡುಗ, ನರಸಿಂಹರಾಜಪುರದಲ್ಲಿ ಮದುವೆ, ರೇಟು 600 ರೂಪಾಯಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ 7ಕ್ಕೆ ವ್ಯಾನ್ ಹತ್ತುತ್ತಾನೆ. ಮೇಜು ಹಾಕಿ, ಪ್ಲೇಟು ಒರೆಸಿ, 12ರಿಂದ 4ರವರೆಗೆ ಬಡಿಸುತ್ತಾನೆ. ಐದು ಗಂಟೆಗೆ ಹೊರಟರೆ ಆರಕ್ಕೆ ಮನೆ. ಒಟ್ಟು 11 ಗಂಟೆ, ಗಂಟೆಗೆ ಸುಮಾರು 55 ರೂಪಾಯಿ ಬಿತ್ತು. ಅದೇ ಹುಡುಗನನ್ನು ಪಾತ್ರೆ ತೊಳೆಯಲು ನಿಲ್ಲಿಸಿ ಮನೆಗೆ ಬಿಡುವಾಗ ರಾತ್ರಿ 9 ಆದರೆ 14 ಗಂಟೆ ಆಯಿತು. ಆಗ ಗಂಟೆಗೆ 43 ರೂಪಾಯಿಯೂ ಇಲ್ಲ. ಪಾತ್ರೆಗೆಂದು 200 ಸೇರಿಸಿ 800 ಕೊಟ್ಟರೆ ಮತ್ತೆ 57ರ ಹತ್ತಿರ ಬರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ‘ಎಷ್ಟು ಕೊಡ್ತೀರಿ’ ಒಂದೇ ಅಲ್ಲ. ‘ಯಾವ ಕೆಲಸ, ಎಷ್ಟು ಗಂಟೆಗೆ ಬಿಡ್ತೀರಿ, ಲೇಟಾದರೆ ಎಷ್ಟು, ಹಣ ಅವತ್ತೇನಾ’ ಎಂದೂ ಕೇಳಬೇಕು. ಕೇಳಲು ಸಂಕೋಚವಾದರೆ ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಹಾಕಿ, ‘ಸರಿ’ ಎಂಬ ಉತ್ತರ ಬಂದರೆ ಸಾಕು. ನಾಳೆ ಮಾತು ತಪ್ಪಿದರೆ ತೋರಿಸಲು ಅದೊಂದು ಇರುತ್ತದೆ.

ಮದುವೆ ಮನೆಯವರಿಗೂ ಒಂದು ಮಾತು. ಬೆವರು ಆರುವ ಮೊದಲೇ ಕೂಲಿ ಕೊಡಿ ಎಂಬ ನಬಿಯವರ (ಸ.ಅ.) ಬೋಧನೆ ನಮಗೆಲ್ಲ ಗೊತ್ತು. ನೀವು ಕ್ಯಾಟರಿಂಗ್‌ನವರಿಗೆ ಬಾಕಿ ಇಟ್ಟರೆ ಅವರು ಹುಡುಗರಿಗೆ ಬಾಕಿ ಇಡುತ್ತಾರೆ. ಬಿರಿಯಾನಿಯ ರೇಟು ಮಾತಾಡುವ ದಿನವೇ ‘ಹುಡುಗರ ಹಣ ಅವತ್ತೇ ಕೊಡಬೇಕು’ ಎಂದು ಹೇಳಿಬಿಡಿ.

ಇನ್ನು ವಯಸ್ಸಿನ ವಿಷಯ. ಮನೆಗಳಲ್ಲಿ ಇದನ್ನು ಹಗುರವಾಗಿ ನೋಡುತ್ತೇವೆ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ 14 ವರ್ಷ ತುಂಬದ ಮಕ್ಕಳನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವಂತೆಯೇ ಇಲ್ಲ. 14ರಿಂದ 18ರೊಳಗಿನವರಿಗೆ ಅಪಾಯದ ಕೆಲಸ ಕೊಡಬಾರದು. ಉಳಿದ ಕೆಲಸಕ್ಕೂ ಮಿತಿ ಇದೆ: ಮೂರು ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು, ಬಿಡುವು ಸೇರಿ ದಿನಕ್ಕೆ ಆರು ಗಂಟೆ, ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು. ಅಂದರೆ ಪಿಯುಸಿ ಓದುವ 16ರ ಹುಡುಗನನ್ನು ರಾತ್ರಿಯ ರಿಸೆಪ್ಶನ್‌ಗೆ ಕರೆದೊಯ್ಯುವುದು ತಪ್ಪು. ಮೇಲೆ ಹೇಳಿದ 14 ಗಂಟೆಯ ದಿನವಂತೂ ಅವನಿಗೆ ಸಲ್ಲದು.

ಅಡುಗೆ ಕಡೆ ಹೆಚ್ಚು ಭಯ ಇರುವುದು ಬಿಸಿ ಪಾತ್ರೆಯದ್ದು. ದಮ್ ಬಿಡಿಸುವಾಗ ಮುಚ್ಚಳವನ್ನು ತಮ್ಮ ಕಡೆಗೆ ಎತ್ತಿದರೆ ಒಳಗಿನ ಹಬೆ ನೇರ ಮುಖಕ್ಕೇ ಬರುತ್ತದೆ. ಆಚೆ ಬದಿ ಮೊದಲು ಎತ್ತಿ, ಹಬೆ ಹೋಗಲು ಬಿಟ್ಟು, ಆಮೇಲೆ ಮುಚ್ಚಳ ತೆಗೆಯಬೇಕು. ಸಾರಿನ ಪಾತ್ರೆ ಎತ್ತುವಾಗ ಇಬ್ಬರು ಬೇಕು, ಒಣ ಬಟ್ಟೆ ಬೇಕು. ಒದ್ದೆ ಬಟ್ಟೆಯಲ್ಲಿ ಹಿಡಿದರೆ ಶಾಖ ಕೂಡಲೇ ಕೈಗೆ ತಾಗಿ ಪಾತ್ರೆ ಬಿಟ್ಟುಬಿಡುತ್ತಾರೆ. ಹವಾಯಿ ಚಪ್ಪಲಿ ಬೇಡ, ಎಣ್ಣೆ ಚೆಲ್ಲಿದ ನೆಲದಲ್ಲಿ ಅದು ಜಾರುತ್ತದೆ. ಕಾಲು ಮುಚ್ಚುವ ಶೂ ಹಾಕಿ. ಸುಟ್ಟುಕೊಂಡರೆ ಆ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು. ಟೂತ್‌ಪೇಸ್ಟ್, ಮಂಜುಗಡ್ಡೆ ಯಾವುದೂ ಬೇಡ. ಗುಳ್ಳೆ ಎದ್ದರೆ ಒಡೆಯದೆ ಆಸ್ಪತ್ರೆಗೆ ಹೋಗಿ.

ಅದಕ್ಕಿಂತ ದೊಡ್ಡ ಭಯ ವಾಪಸ್ ಬರುವ ದಾರಿಯದ್ದು. ನಮ್ಮ ಕಡೆಯ ರಸ್ತೆ ತಿರುವಿನ ಮೇಲೆ ತಿರುವು, ಸಂಜೆಯ ನಂತರ ಬಸ್ಸು ಕಡಿಮೆ. ಹೀಗಾಗಿ ಹುಡುಗರು ಪಾತ್ರೆ ತುಂಬಿದ ಪಿಕಪ್ಪಿನ ಮೇಲೆ ಕೂತು ಬರುತ್ತಾರೆ. ತಿರುವಿನಲ್ಲಿ ಪಾತ್ರೆ ಸರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಸರಕಿನ ಗಾಡಿಯಲ್ಲಿ ಜನರನ್ನು ಕರೆದೊಯ್ಯುವುದು ಕಾನೂನಿಗೂ ವಿರುದ್ಧ. ಅಪಘಾತ ಆದರೆ ಇದೇ ಕಾರಣ ಹೇಳಿ ವಿಮೆಯವರು ಪರಿಹಾರಕ್ಕೆ ತಕರಾರು ಎತ್ತುತ್ತಾರೆ. ಇನ್ನು ಕೆಲವರು ಲೈಸೆನ್ಸ್ ಇಲ್ಲದ ಹುಡುಗನ ಕೈಗೆ ಬೈಕ್ ಕೊಟ್ಟು ಕಳಿಸುತ್ತಾರೆ. 18 ತುಂಬದವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅವನ ಮನೆಯ ಹಿರಿಯರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಆಗಬಹುದು. ಹಾಗಾಗಿ ಸೀಟಿರುವ ವ್ಯಾನ್ ಇದೆಯಾ ಎಂದು ಶನಿವಾರವೇ ಕೇಳಿ. ಇಲ್ಲ ಅಂದರೆ ಆ ಕೆಲಸ ಬೇಡ ಅನ್ನಲು ತಾಯಂದಿರು ಹಿಂಜರಿಯಬಾರದು. ಹೆಂಗಸರ ಕಡೆ ಬಡಿಸಲು ಹೋಗುವ ಹೆಣ್ಣುಮಕ್ಕಳ ವಿಷಯದಲ್ಲಿ ಈ ಪ್ರಶ್ನೆಯನ್ನು ಎರಡು ಸಲ ಕೇಳಿ.

ಇಷ್ಟೆಲ್ಲ ಕೇಳುವ ಹುಡುಗ ತನ್ನ ಮಾತನ್ನೂ ಉಳಿಸಿಕೊಳ್ಳಬೇಕು. 600 ಜನರ ಮದುವೆ, ಒಂದು ಪಂಕ್ತಿಗೆ 150 ಜನ ಅಂದುಕೊಳ್ಳಿ. ಹತ್ತು ಹುಡುಗರಿದ್ದರೆ ಒಬ್ಬನಿಗೆ 15 ಜನ. ಬೆಳಿಗ್ಗೆ ಇಬ್ಬರು ಫೋನ್ ಎತ್ತದೆ ಇದ್ದರೆ ಉಳಿದ ಎಂಟು ಜನರಿಗೆ ತಲಾ 19ರ ಹತ್ತಿರ ಬೀಳುತ್ತದೆ. ಓಡಾಟ ಹೆಚ್ಚುತ್ತದೆ, ಸಾರು ಚೆಲ್ಲುತ್ತದೆ, ಕೈ ಸುಡುತ್ತದೆ. ಬರಲಾಗದಿದ್ದರೆ ಶನಿವಾರ ರಾತ್ರಿಯೇ ಹೇಳಿ, ಬದಲಿಗೆ ಒಬ್ಬರ ಹೆಸರನ್ನೂ ಕೊಡಿ. ಹಾಗೆ ಹೇಳಿದವನನ್ನು ಮೇಸ್ತ್ರಿ ಮತ್ತೆ ಕರೆಯುತ್ತಾರೆ, ಸುಮ್ಮನೆ ಫೋನ್ ಆಫ್ ಮಾಡಿದವನನ್ನು ಕರೆಯುವುದಿಲ್ಲ.

ಲುಹ್ರ್ ನಮಾಝಿನ ಮಾತನ್ನೂ ಮೊದಲೇ ಮುಗಿಸಿಕೊಳ್ಳಿ. ಬಡಿಸುವ ಗಡಿಬಿಡಿ ಮತ್ತು ನಮಾಝಿನ ಹೊತ್ತು ಒಟ್ಟಿಗೇ ಬರುತ್ತವೆ. ಒಂದು ಪಂಕ್ತಿ ಎದ್ದು ಇನ್ನೊಂದು ಕೂರುವ ನಡುವೆ ಇಬ್ಬಿಬ್ಬರಾಗಿ ಹೋಗಿ ಬರುವುದೆಂದು ಬೆಳಿಗ್ಗೆಯೇ ಪಾಳಿ ಹಾಕಿಕೊಂಡರೆ ಮೇಜೂ ಖಾಲಿ ಬೀಳದು, ನಮಾಝೂ ತಪ್ಪದು.

16 ತುಂಬಿದವರು ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಬಹುದು. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಬ್ಯಾಂಕ್ ಖಾತೆ ಸಾಕು. ಈ ವಾರ ಫೋನ್ ಬಂದಾಗ ‘ಆಯ್ತು’ ಅನ್ನುವ ಮೊದಲು ಮನೆಯಲ್ಲಿ ಕೂತು ಮೂರು ವಿಷಯ ಬರೆದಿಟ್ಟುಕೊಳ್ಳಿ: ಹಣ, ಬಿಡುವ ಹೊತ್ತು, ವಾಪಸ್ ಗಾಡಿ.